90ಕ್ಕೆ ಬಂದರೆ ಸ್ಟೇರಿಂಗ್ ನಡುಗುತ್ತದೆ: ಬ್ಯಾಲೆನ್ಸಿಂಗಾ, ರಿಮ್ ಬೆಂಡಾ, ಸಸ್ಪೆನ್ಶನ್ನಾ?

ಕುಮಟಾ_ಅಕ್ಕೋರು
ಎಲ್ಲರಿಗೂ ನಮಸ್ಕಾರ. ನನ್ನದು ಏಳು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. 68 ಸಾವಿರ ಕಿಲೋಮೀಟರ್ ಓಡಿದೆ, 15 ಇಂಚಿನ ಅಲಾಯ್ ಚಕ್ರ. ದಿನಾ ಕುಮಟಾದಿಂದ ಅಂಕೋಲಾಕ್ಕೆ ಶಾಲೆಗೆ ಹೋಗಿ ಬರುತ್ತೇನೆ, ಭಾನುವಾರ ಕಾರವಾರದ ತವರುಮನೆಗೆ.

ಮೂರು ತಿಂಗಳಿಂದ ಒಂದೇ ತೊಂದರೆ. 80ರವರೆಗೆ ಏನೂ ಇಲ್ಲ. 85 ದಾಟಿದ ಕೂಡಲೇ ಸ್ಟೇರಿಂಗ್ ಜುಮ್ ಎನ್ನಲು ಶುರು. 95ಕ್ಕೆ ಬಂದರೆ ಕೈಯಲ್ಲಿರುವ ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುವಷ್ಟು ನಡುಕ. ಒಮ್ಮೆ 105ಕ್ಕೆ ಹೋದಾಗ ಕಡಿಮೆ ಆದ ಹಾಗೆ ಅನಿಸಿತು.

ಎರಡು ಕಡೆ ಬ್ಯಾಲೆನ್ಸಿಂಗ್ ಮಾಡಿಸಿದೆ. ಎರಡನೇ ಕಡೆ ಎಡ ಮುಂದಿನ ಚಕ್ರದ ಒಳಬದಿಗೆ 75 ಗ್ರಾಂ ತೂಕ ಅಂಟಿಸಿ, ಮಷಿನ್‌ನಲ್ಲಿ ಸೊನ್ನೆ ತೋರಿಸಿ ಕಳಿಸಿದರು. ನಡುಕ ಹೋಗಲಿಲ್ಲ. ಈಗ ಮೂರನೇ ಗ್ಯಾರೇಜಿನವರು ಎರಡೂ ಲೋವರ್ ಆರ್ಮ್, ಟೈ ರಾಡ್ ಎಂಡ್ ಎಲ್ಲಾ ಬದಲಿಸಬೇಕು, 14 ಸಾವಿರ ಆಗುತ್ತದೆ ಎನ್ನುತ್ತಿದ್ದಾರೆ. ಅಷ್ಟು ದುಡ್ಡು ಕೊಡುವ ಮೊದಲು ನಿಜವಾಗಿ ಯಾವುದು ಹೋಗಿದೆ ಅಂತ ತಿಳಿಯುವ ದಾರಿ ಇದೆಯಾ?

ಬೈತಖೋಲ_ಬಂದರು
ಅಲೈನ್‌ಮೆಂಟ್ ಮಾಡಿಸಿ ಅಕ್ಕೋರೆ. ನೂರಕ್ಕೆ ನೂರು ಅದೇ. ನನ್ನ ಗಾಡಿಯೂ ಹೀಗೇ ನಡುಗುತ್ತಿತ್ತು, ಅಲೈನ್‌ಮೆಂಟ್ ಮಾಡಿಸಿದ ದಿನವೇ ಸರಿಯಾಯಿತು.

ಶಿರಸಿ_ಹಳೇಜಾಕ್
ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಸ್ಟೇರಿಂಗ್ ಹೀಗೆ ನಡುಗುವುದಿಲ್ಲ. ನಿಮಗೆ ಅಲೈನ್‌ಮೆಂಟ್ ಮಾಡುವಾಗ ಚಕ್ರಗಳನ್ನೂ ಬ್ಯಾಲೆನ್ಸ್ ಮಾಡಿರಬೇಕು, ಬಿಲ್ ಇದ್ದರೆ ನೋಡಿ.

ಅಕ್ಕೋರೆ, ನಾನು 28 ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ನಾಲ್ಕು ಪ್ರಶ್ನೆ ಕೇಳುತ್ತೇನೆ, ನೆನಪು ಮಾಡಿಕೊಂಡು ಹೇಳಿ. ನಡುಕ ಬರುವುದು ಸ್ಟೇರಿಂಗ್‌ನಲ್ಲಿ ಮಾತ್ರವಾ, ಸೀಟಿನಲ್ಲೂ ಇದೆಯಾ? ಬ್ರೇಕ್ ಒತ್ತಿದಾಗ ಜಾಸ್ತಿ ಆಗುತ್ತದಾ? 95ರಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ತಕ್ಷಣ ನಿಲ್ಲುತ್ತದಾ? ಮತ್ತೆ, ಯಾವುದಾದರೂ ಟೈರಿಗೆ ಆಗಾಗ ಗಾಳಿ ಹಾಕಬೇಕಾಗಿದೆಯಾ?

ಬೈತಖೋಲ_ಬಂದರು
ಬಿಲ್ ನೋಡಿದೆ. ಹೌದು, ಬ್ಯಾಲೆನ್ಸಿಂಗೂ ಬರೆದಿದೆ. ಆದರೂ ಅಲೈನ್‌ಮೆಂಟ್‌ಗೂ ನಡುಕಕ್ಕೂ ಸಂಬಂಧವೇ ಇಲ್ಲ ಎಂದರೆ ಒಪ್ಪುವುದಿಲ್ಲ. ಬಹಳ ದಿನ ತಪ್ಪಿದ್ದರೆ ಟೈರ್ ಏರುತಗ್ಗಾಗಿ ಸವೆದು ಅದರಿಂದ ನಡುಗುತ್ತದೆ.

ಶಿರಸಿ_ಹಳೇಜಾಕ್
ಅದು ಸರಿ, ಒಪ್ಪಿದೆ. ಆದರೆ ಹಾಗೆ ಸವೆದ ಟೈರ್ 50–60ರಲ್ಲೇ ಗುಂಯ್ ಎಂದು ಸದ್ದು ಮಾಡುತ್ತದೆ, ಅಂಗೈಯಲ್ಲಿ ಸವರಿದರೆ ತಿಳಿಯುತ್ತದೆ.

ಕುಮಟಾ_ಅಕ್ಕೋರು
ಸ್ಟೇರಿಂಗ್‌ನಲ್ಲೇ. ಸೀಟಿನಲ್ಲಿ ಗೊತ್ತಾಗುವಷ್ಟಿಲ್ಲ. ಬ್ರೇಕ್ ಒತ್ತಿದರೆ ಜಾಸ್ತಿ ಆಗುವುದಿಲ್ಲ. ಕಾಲು ತೆಗೆದರೂ ನಿಲ್ಲುವುದಿಲ್ಲ, ವೇಗ ಇಳಿದ ಹಾಗೆ ತಾನಾಗಿ ಇಳಿಯುತ್ತದೆ. ಗಾಳಿ ವಿಷಯ ಕೇಳಿದ್ದು ಒಳ್ಳೆಯದಾಯಿತು. ಎಡ ಮುಂದಿನದಕ್ಕೆ ವಾರಕ್ಕೆ 3–4 ಪಾಯಿಂಟ್ ಕಡಿಮೆ ಆಗುತ್ತದೆ. ಪಂಕ್ಚರ್ ಅಂಗಡಿಯವರು ನೀರಿಗೆ ಹಾಕಿ ನೋಡಿ ಮೊಳೆ ಏನೂ ಇಲ್ಲ ಎಂದರು. ಜೂನ್ ಮಳೆಯಲ್ಲಿ ಮಿರ್ಜಾನ್ ಹತ್ತಿರ ನೀರು ತುಂಬಿದ ಹೊಂಡಕ್ಕೆ ಆ ಚಕ್ರ ಧಡ್ ಅಂತ ಬಿದ್ದಿತ್ತು. ಇಳಿದು ನೋಡಿದಾಗ ಹೊರಗೆ ಒಂದು ಗೀರೂ ಇರಲಿಲ್ಲ.

ದೇವಿಮನೆ_ಘಟ್ಟ
ನನ್ನದೂ ಇದೇ ಕಥೆ. ಶಿರಸಿಯಿಂದ ಕುಮಟಾಕ್ಕೆ ಘಟ್ಟ ಇಳಿಯುವಾಗ ಸ್ಟೇರಿಂಗ್ ಅಲ್ಲಾಡುತ್ತದೆ, ಪೆಡಲ್ ಕೂಡ ಕಾಲಡಿಯಲ್ಲಿ ಕುಣಿಯುತ್ತದೆ. ಕೆಳಗೆ ಬಯಲಿಗೆ ಬಂದ ಮೇಲೆ ಏನೂ ಇಲ್ಲ. ನಾನೂ ಬ್ಯಾಲೆನ್ಸಿಂಗ್ ಮಾಡಿಸಲಾ?

ಶಿರಸಿ_ಹಳೇಜಾಕ್
ನಿಮ್ಮದು ಬೇರೆ ಕಥೆ. ಬ್ರೇಕ್ ಒತ್ತಿದಾಗ ಮಾತ್ರ ಬಂದು ಪೆಡಲ್‌ನಲ್ಲೂ ಮಿಡಿದರೆ ಅದು ಮುಂದಿನ ಡಿಸ್ಕ್. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿರುತ್ತದೆ. ಬ್ಯಾಲೆನ್ಸಿಂಗ್‌ಗೆ ದುಡ್ಡು ಹಾಕಬೇಡಿ. ಡಿಸ್ಕ್ ಅಳೆಸಿ, ಅದರ ಮೇಲೆ ಬರೆದ ಕನಿಷ್ಠ ದಪ್ಪಕ್ಕಿಂತ ಕಡಿಮೆ ಇದ್ದರೆ ಬದಲಿಸಬೇಕು. ಘಟ್ಟ ಇಳಿಯುವಾಗ ಎರಡು, ಮೂರನೇ ಗೇರ್‌ನಲ್ಲಿ ಇಳಿಸಿ, ಕಾಲು ಬ್ರೇಕ್ ಮೇಲೇ ಇಟ್ಟುಕೊಂಡು ಬರಬೇಡಿ.

ಕಾಳಿ_ದಂಡೆ
ಅಕ್ಕೋರೆ 105ಕ್ಕೆ ಹೋದಾಗ ಕಡಿಮೆ ಆಗುತ್ತದೆ ಅಂದರಲ್ಲ, ಹಾಗಾದರೆ ಅದು ಚಕ್ರದ ತೂಕದ ವಿಷಯ ಅಲ್ಲ. ತೂಕದ್ದಾಗಿದ್ದರೆ ವೇಗ ಹೆಚ್ಚಿದ ಹಾಗೆ ಜಾಸ್ತಿಯೇ ಆಗಬೇಕು ಅಲ್ವಾ? ಇದು ಸಸ್ಪೆನ್ಶನ್ನೇ. ಗ್ಯಾರೇಜಿನವರು ಹೇಳಿದ್ದು ಸರಿ ಇದೆ.

ಶಿರಸಿ_ಹಳೇಜಾಕ್
ಅರ್ಧ ಸರಿ ಹೇಳಿದಿರಿ. ಎಳೆತದ ಬಲ ವೇಗದ ಜೊತೆ ಏರುತ್ತಲೇ ಹೋಗುತ್ತದೆ, ನಿಜ. 15 ಇಂಚಿನ ರಿಮ್‌ನ ಅಂಚಿನಲ್ಲಿ ಬರೀ 20 ಗ್ರಾಂ ವ್ಯತ್ಯಾಸ ಇದೆ ಎಂದುಕೊಳ್ಳಿ. 45ರ ವೇಗದಲ್ಲಿ ಅದು ಸುಮಾರು 600 ಗ್ರಾಂ ಭಾರದಷ್ಟು ಬಲದಿಂದ ಚಕ್ರವನ್ನು ಎಳೆಯುತ್ತದೆ. 90ಕ್ಕೆ ಹೋದರೆ ಅದೇ 20 ಗ್ರಾಂ ಎರಡೂವರೆ ಕಿಲೋದಷ್ಟು ಎಳೆಯುತ್ತದೆ. ವೇಗ ಎರಡು ಪಟ್ಟು, ಎಳೆತ ನಾಲ್ಕು ಪಟ್ಟು. ಅದೂ ಸೆಕೆಂಡಿಗೆ 13 ಸಲ, ಪ್ರತಿ ಸುತ್ತಿಗೂ ಒಂದು ಎಳೆತ. ಅದಕ್ಕೇ ಊರೊಳಗೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ.

ಆದರೆ ಚಕ್ರ, ಸ್ಪ್ರಿಂಗ್, ಸ್ಟೇರಿಂಗ್ ಎಲ್ಲಾ ಸೇರಿದ ಜೋಡಣೆಗೆ ತನ್ನದೇ ಒಂದು ತಾಳ ಇದೆ. ಚಕ್ರದ ಎಳೆತ ಆ ತಾಳಕ್ಕೆ ಕೂಡಿದಾಗ ನಡುಕ ಅತಿ ಹೆಚ್ಚು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದ ಹಾಗೆ. ತಾಳ ತಪ್ಪಿದರೆ, ಬಲ ಜಾಸ್ತಿ ಇದ್ದರೂ ಕೈಗೆ ಕಡಿಮೆ ಸಿಗುತ್ತದೆ. 85ರಿಂದ 105ರ ನಡುವೆ ಬಂದು ಹೋಗುವ ನಡುಕ ಎಂದರೆ ಮೊದಲ ಅನುಮಾನ ಚಕ್ರದ ಮೇಲೆ.

ಸವೆದ ಬಾಲ್ ಜಾಯಿಂಟ್, ಟೈ ರಾಡ್ ತಾವಾಗಿ ನಡುಕ ಹುಟ್ಟಿಸುವುದಿಲ್ಲ. ಚಕ್ರದಿಂದ ಬಂದ ಸಣ್ಣ ನಡುಕವನ್ನು ಹಿಡಿದು ನಿಲ್ಲಿಸುವ ಬದಲು ದೊಡ್ಡದು ಮಾಡಿ ಕೈಗೆ ಕೊಡುತ್ತವೆ. ಅವು ಸವೆದಿದ್ದರೆ ಬೇರೆ ಗುರುತೂ ಇರುತ್ತದೆ. ಹೊಂಡದಲ್ಲಿ ಟಕ್ ಟಕ್ ಸದ್ದು, ನೇರ ರಸ್ತೆಯಲ್ಲೂ ಸ್ಟೇರಿಂಗ್ ಆಗಾಗ ಸರಿಪಡಿಸಬೇಕು. ಅಕ್ಕೋರೆ, ಇದು ಇದೆಯಾ?

ಕುಮಟಾ_ಅಕ್ಕೋರು
ನೇರವಾಗಿಯೇ ಹೋಗುತ್ತದೆ. ಸದ್ದು ಕೇಳಿದ ನೆನಪಿಲ್ಲ.

ಯಲ್ಲಾಪುರ_ತೋಟ
ಯಾರೂ ಮಣ್ಣಿನ ವಿಷಯ ಹೇಳಲಿಲ್ಲವಲ್ಲ! ಕಳೆದ ಮಳೆಗಾಲ ತೋಟದಿಂದ ಗಾಡಿ ತಂದು ತೊಳೆಯದೆ ಬಿಟ್ಟಿದ್ದೆ. ಎರಡು ದಿನ ಬಿಸಿಲು ಬಂತು. ಮೂರನೇ ದಿನ ಹುಬ್ಬಳ್ಳಿ ರಸ್ತೆಯಲ್ಲಿ 70ಕ್ಕೇ ಸ್ಟೇರಿಂಗ್ ಹಿಡಿಯಲು ಆಗಲಿಲ್ಲ. ಬಗ್ಗಿ ನೋಡಿದರೆ ರಿಮ್‌ನ ಒಳಗೆ ಅಂಗೈ ಅಗಲದ ಕೆಮ್ಮಣ್ಣು, ಒಣಗಿ ಇಟ್ಟಿಗೆ ಆಗಿತ್ತು. ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ತೆಗೆದೆ, ಅಷ್ಟೇ. ಒಂದು ರೂಪಾಯಿ ಖರ್ಚಿಲ್ಲ. 75 ಗ್ರಾಂ ಹಾಕುವ ಮೊದಲು ಅವರು ಒಳಗೆ ತೊಳೆದಿದ್ದರಾ ಕೇಳಿ.

ಶಿರಸಿ_ಹಳೇಜಾಕ್
ಒಳ್ಳೆಯ ಮಾತು ಭಾವ. ಮಣ್ಣಿನ ಮೇಲೆ ಬ್ಯಾಲೆನ್ಸ್ ಮಾಡಿದರೆ, ಮಣ್ಣು ಉದುರಿದ ದಿನ ಚಕ್ರ ಮತ್ತೆ ತಪ್ಪುತ್ತದೆ.

ಕಾರವಾರ_ಟೈರ್‌ಹುಡುಗ
ನಾನು ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಮಷಿನ್ ಮೇಲೇ ಕೆಲಸ ಮಾಡುವವನು. 75 ಗ್ರಾಂ ಕೇಳಿದ ತಕ್ಷಣ ನಾವು ನಿಲ್ಲಿಸಬೇಕು. ಒಳ್ಳೆಯ ರಿಮ್, ಒಳ್ಳೆಯ ಟೈರ್‌ಗೆ ಒಂದು ಬದಿಗೆ 10, 20, ಕೆಲವೊಮ್ಮೆ 30 ಗ್ರಾಂ ಹೋಗುತ್ತದೆ. ಅದಕ್ಕಿಂತ ಬಹಳ ಜಾಸ್ತಿ ಕೇಳಿದರೆ ಏನೋ ಇದೆ ಎಂದೇ ಅರ್ಥ. ಮಣ್ಣು, ಟೈರ್ ಸರಿಯಾಗಿ ಕೂತಿಲ್ಲ, ಟೈರ್ ಒಳಗೆ ಪದರ ಬಿಟ್ಟಿದೆ, ಇಲ್ಲ ರಿಮ್ ಬೆಂಡ್.

ಇನ್ನೊಂದು ಇದೆ, ಗಿರಾಕಿಗಳಿಗೆ ಯಾರೂ ಹೇಳುವುದಿಲ್ಲ. ಚಕ್ರವನ್ನು ಮಷಿನ್‌ನಲ್ಲಿ ಕೋನ್ ಹಾಕಿ ಬಿಗಿಯುತ್ತೇವೆ. ಕೋನ್ ಕೂತಲ್ಲಿ ತುಕ್ಕು, ಮರಳು ಇದ್ದರೆ ಚಕ್ರ ನಡುವೆ ಕೂರುವುದಿಲ್ಲ, ಮಷಿನ್ ಸುಳ್ಳು ಹೇಳುತ್ತದೆ. ಸೊನ್ನೆ ಬಂದ ಮೇಲೆ, ಚಕ್ರ ಸಡಿಲ ಮಾಡಿ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ಓಡಿಸಲು ಹೇಳಿ. ಆಗಲೂ ಸೊನ್ನೆ ಇಲ್ಲವೇ 5 ಗ್ರಾಂ ಒಳಗೆ ಬಂದರೆ ಸರಿ. 20, 25 ತೋರಿಸಿದರೆ ಮೊದಲಿನ ಕೆಲಸವೇ ತಪ್ಪು.

ಕಾಳಿ_ದಂಡೆ
ಮಷಿನ್ ಸೊನ್ನೆ ತೋರಿಸಿದ ಮೇಲೂ ರಿಮ್ ಬೆಂಡ್ ಇರಬಹುದು ಅನ್ನುತ್ತೀರಾ? ಹಾಗಾದರೆ ಮಷಿನ್ ಯಾಕೆ?

ಕಾರವಾರ_ಟೈರ್‌ಹುಡುಗ
ಇರಬಹುದು ಅಣ್ಣ. ಮಷಿನ್ ನೋಡುವುದು ಭಾರ ಎಲ್ಲಿ ಜಾಸ್ತಿ ಎಂದು ಮಾತ್ರ. ಸೊಟ್ಟ ಚಕ್ರಕ್ಕೂ ಎದುರು ಬದಿಗೆ ತೂಕ ಅಂಟಿಸಿ ಸೊನ್ನೆ ತರಬಹುದು. ಅಲ್ಲಿ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಕೆಳಗೆ ರಸ್ತೆ ಇಲ್ಲ, ಮೇಲೆ ಗಾಡಿಯ ಭಾರ ಇಲ್ಲ. ರಸ್ತೆಗೆ ಇಳಿಸಿದರೆ ಸೊಟ್ಟ ಜಾಗ ಪ್ರತಿ ಸುತ್ತಿಗೂ ಗಾಡಿಯನ್ನು ಎತ್ತಿ ಇಳಿಸುತ್ತದೆ. ದೊಡ್ಡ ಮಷಿನ್ ಕೆಲವದರಲ್ಲಿ ರೋಲರ್ ಒತ್ತಿ ನೋಡುವ ವ್ಯವಸ್ಥೆ ಇದೆ, ನಮ್ಮ ಅಂಗಡಿಯಲ್ಲಿ ಇಲ್ಲ.

ಹೊನ್ನಾವರ_ಹೊಳೆಸಾಲು
ಇಷ್ಟೆಲ್ಲ ಯಾಕೆ? ಎಡಕ್ಕೆ ಸ್ಟೆಪ್ನಿ ಹಾಕಿ 95ರಲ್ಲಿ ಓಡಿಸಿ ನೋಡಿ. ನಡುಕ ಹೋದರೆ ಚಕ್ರದ್ದೇ.

ಶಿರಸಿ_ಹಳೇಜಾಕ್
ಸ್ಟೆಪ್ನಿ ಅದೇ ಅಳತೆಯದ್ದಾದರೆ ಸರಿ. ಅಲಾಯ್ ಇರುವ ಬಹಳ ಗಾಡಿಗಳಲ್ಲಿ ಸ್ಟೆಪ್ನಿ ಒಂದು ಇಂಚು ಸಣ್ಣದು, 80 ದಾಟಬೇಡಿ ಎಂದು ಅದರ ಮೇಲೇ ಬರೆದಿರುತ್ತದೆ. ಅದನ್ನು ಹಾಕಿ 95ಕ್ಕೆ ಹೋಗಬೇಡಿ.

ಅದಕ್ಕಿಂತ ಇದು ಮಾಡಿ ಅಕ್ಕೋರೆ. ಎಡ ಮುಂದಿನ ಚಕ್ರ ಎಡ ಹಿಂದಕ್ಕೆ, ಎಡ ಹಿಂದಿನದು ಮುಂದಕ್ಕೆ. ಅಷ್ಟೇ, ಬಲಬದಿ ಮುಟ್ಟಬೇಡಿ. ಒಂದೇ ಬದಿಯಲ್ಲಿ ಬದಲಿಸುವುದರಿಂದ ಟೈರಿನ ಮೇಲೆ ಬಾಣದ ಗುರುತು ಇದ್ದರೂ ತೊಂದರೆ ಇಲ್ಲ. ನಾಲ್ಕಕ್ಕೂ ಒಂದೇ ಗಾಳಿ ಹಾಕಿ. ಆಮೇಲೆ ಅದೇ ರಸ್ತೆ, ಅದೇ ವೇಗ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ, ನೆಲಕ್ಕೆ ಹೋದರೆ ದೋಷ ಆ ಚಕ್ರದ ಜೊತೆಗೇ ಹೋಯಿತು. ಸ್ಟೇರಿಂಗ್‌ನಲ್ಲೇ ಮೊದಲಿನಷ್ಟೇ ಉಳಿದರೆ ಬಲ ಮುಂದಿನ ಚಕ್ರ, ಹಬ್, ಸಸ್ಪೆನ್ಶನ್ ಕಡೆ ನೋಡೋಣ.

ಚಕ್ರ ಬಿಚ್ಚಿದಾಗ ಹಬ್‌ನ ಮುಖವನ್ನೂ ನೋಡಲು ಹೇಳಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಅಲ್ಲಿ ತುಕ್ಕು ಪದರ ಕಟ್ಟುತ್ತದೆ. ಅದರ ಮೇಲೆ ಕೂತ ಚಕ್ರ ಓರೆಯಾಗಿ ಕೂರುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ ಹಾಕಲಿ.

ಕರಿಇಶಾಡು_ಅಂಕೋಲಾ
ಓಡಿಸಿ ನೋಡುವಾಗ ಹಟ್ಟಿಕೇರಿ ಟೋಲ್ ದಾಟಿದ ಮೇಲೆ ನೋಡಿ ಅಕ್ಕೋರೆ. ಬೆಳಗ್ಗೆ ಬೇಗ ಹೋಗಿ, ಹೊತ್ತಾದರೆ ದನ ರಸ್ತೆ ಮೇಲೇ ಮಲಗಿರುತ್ತವೆ.

ದೇವಿಮನೆ_ಘಟ್ಟ
ದನ ಮಾತ್ರವಾ? ಚತುಷ್ಪಥದಲ್ಲಿ ಎದುರಿನಿಂದ ಬೈಕ್ ಬರುತ್ತವೆ. ಮೊನ್ನೆ ಹೊನ್ನಾವರ ಹತ್ತಿರ ಸ್ವಲ್ಪದರಲ್ಲಿ ತಪ್ಪಿತು.

ಕರಿಇಶಾಡು_ಅಂಕೋಲಾ
ಅದಕ್ಕೊಂದು ಬೇರೆ ಚರ್ಚೆಯೇ ಬೇಕು ಮಾರಾಯ್ರೆ.

ಕುಮಟಾ_ಅಕ್ಕೋರು
ಮಾಡಿಸಿದೆ! ನಮ್ಮ ಮನೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲೇ ಎಡಬದಿಯ ಎರಡೂ ಚಕ್ರ ಬದಲಿಸಿದರು. ಹಬ್ ಮೇಲೆ ತುಕ್ಕು ಇತ್ತು, ಉಜ್ಜಿಸಿದೆ. ಭಾನುವಾರ ಬೆಳಗ್ಗೆ ಆರಕ್ಕೆ ಹೊರಟೆ. 95ರಲ್ಲಿ ಬಳೆ ಸದ್ದಿಲ್ಲ. ಸ್ಟೇರಿಂಗ್‌ನಲ್ಲಿ ಸಣ್ಣಗೆ ಏನೋ ಇದೆ, ಮೊದಲಿನ ಕಾಲು ಭಾಗ ಇರಬಹುದು. ಆದರೆ ಸೀಟಿನ ಕೆಳಗೆ ಧಿರ್ ಎನ್ನುತ್ತಿದೆ. ಹಿಂದಿನ ಸೀಟಿನಲ್ಲಿಟ್ಟ ಬಾಟಲಿಯ ನೀರು ಕನ್ನಡಿಯಲ್ಲಿ ನೋಡಿದರೂ ನಡುಗುವುದು ಕಾಣುತ್ತಿತ್ತು.

ಶಿರಸಿ_ಹಳೇಜಾಕ್
14 ಸಾವಿರ ಕಿಸೆಯಲ್ಲೇ ಇರಲಿ. ದೋಷ ಆ ಚಕ್ರದಲ್ಲಿದೆ.

ಈಗ ರಿಮ್ಮಾ ಟೈರಾ ನೋಡಬೇಕು. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ. ಹಿಂದಿನ ಚಕ್ರ ಎತ್ತುವುದಾದರೆ ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ, ಆದ್ದರಿಂದ ಗೇರ್‌ನಲ್ಲಿಟ್ಟು ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ನೆಲದಿಂದ ಎರಡು ಬೆರಳು ಎತ್ತಿದರೆ ಸಾಕು. ಜಾಕ್ ಮೇಲಿರುವ ಗಾಡಿಯ ಕೆಳಗೆ ತಲೆ, ಕೈ ಹಾಕಬೇಡಿ. ಪಕ್ಕದಲ್ಲಿ ಕೂತು ಬ್ಯಾಟರಿ ಬಿಟ್ಟು ನೋಡಿ.

ಚೀರೆಕಲ್ಲಿನ ಮೇಲೆ ಒಂದು ಪೆನ್ಸಿಲ್ ಇಟ್ಟು, ತುದಿ ರಿಮ್‌ನ ಅಂಚಿನಿಂದ ಒಂದು ಕೂದಲಿನಷ್ಟು ದೂರ ಇರುವ ಹಾಗೆ ನಿಲ್ಲಿಸಿ. ಚಕ್ರ ನಿಧಾನ ತಿರುಗಿಸಿ. ಸಂದು ಒಂದೇ ಸಮ ಇರಬೇಕು. ಒಂದು ಮಿಲಿಮೀಟರ್ ಒಳಗೆ ಹೆಚ್ಚುಕಡಿಮೆ ಆದರೆ ಬಿಟ್ಟುಬಿಡಿ. ಮೊದಲು ಹೊರ ಅಂಚು, ಆಮೇಲೆ ಒಳ ಅಂಚು. ಹೊಂಡಕ್ಕೆ ಬಿದ್ದಾಗ ಸಾಮಾನ್ಯವಾಗಿ ಬೆಂಡಾಗುವುದು ಒಳ ಅಂಚು. ಹೊರಗೆ ಕಡ್ಡಿಗಳ ಆಸರೆ ಇರುತ್ತದೆ, ಒಳಗೆ ಇಲ್ಲ. ಅದಕ್ಕೇ ನಿಮಗೆ ಗೀರು ಕಾಣಲಿಲ್ಲ. ಕೊನೆಗೆ ಪೆನ್ಸಿಲ್ ಅನ್ನು ಟೈರಿನ ಮೇಲ್ಮೈಗೆ ಹಿಡಿದು ನೋಡಿ. ರಿಮ್ ಸಮ ಇದ್ದು ಟೈರ್ ಮಾತ್ರ ಏರಿಳಿದರೆ ಟೈರ್ ಹೋಗಿದೆ.

ಕುಮಟಾ_ಅಕ್ಕೋರು
ನನ್ನ ತಮ್ಮ ಮತ್ತು ನಾನು ಸೇರಿ ನೋಡಿದೆವು. ಹೊರ ಅಂಚು ಸಮ. ಒಳ ಅಂಚಿಗೆ ಹಿಡಿದಾಗ, ಮುಕ್ಕಾಲು ಸುತ್ತು ಏನೂ ಇಲ್ಲ, ಆಮೇಲೆ ಒಂದು ಗೇಣು ಉದ್ದದ ಜಾಗದಲ್ಲಿ ಅಂಚು ಒಳಗೆ ಸರಿದು ಸಂದು ಅಗಲ ಆಗುತ್ತದೆ. ಸ್ಕೇಲ್ ಇಟ್ಟು ನೋಡಿದರೆ ಸುಮಾರು 3 ಮಿಲಿಮೀಟರ್. 75 ಗ್ರಾಂ ತೂಕ ಅಂಟಿಸಿದ್ದು ಅದರ ಎದುರು ಬದಿಯಲ್ಲೂ ಅಲ್ಲ, ಸ್ವಲ್ಪ ಓರೆಯಲ್ಲಿದೆ. ಸೋಪಿನ ನೀರು ಹಾಕಿದೆವು, ಅದೇ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು.

ಕಾರವಾರ_ಟೈರ್‌ಹುಡುಗ
ಅಲ್ಲಿಗೆ ಗಾಳಿ ಹೋಗುವುದೂ ಅಲ್ಲೇ. ತೂಕ ಓರೆಯಲ್ಲಿ ಇರುವುದು ಸಹಜ, ಟೈರಿನದೇ ಭಾರದ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಈ ಬೆಂಡ್ ಅನ್ನು ಬಿಸಿ ಮಾಡಿ ಪ್ರೆಸ್‌ನಲ್ಲಿ ಒತ್ತಿ ಸರಿ ಮಾಡುವವರು ಇದ್ದಾರೆ. 3 ಮಿಲಿಮೀಟರ್ ದೊಡ್ಡದಲ್ಲ. ಹೊಸ ರಿಮ್‌ನ ದುಡ್ಡಿಗೆ ಹೋಲಿಸಿದರೆ ಬಹಳ ಕಡಿಮೆ.

ಶಿರಸಿ_ಹಳೇಜಾಕ್
ಇಲ್ಲಿ ನಾನು ಒಪ್ಪುವುದಿಲ್ಲ. ಕಬ್ಬಿಣದ ರಿಮ್ ಆದರೆ ಧೈರ್ಯವಾಗಿ ಒತ್ತಿಸಿ. ಅಲಾಯ್ ಬಾಗುವುದಕ್ಕಿಂತ ಸೀಳುವುದು ಬೇಗ. ಬಿಸಿ ಎಷ್ಟು ಕೊಟ್ಟರು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ, ಜಾಸ್ತಿ ಆದರೆ ಲೋಹದ ಗಟ್ಟಿತನ ಹೋಗುತ್ತದೆ. ಕೂದಲಿನಂಥ ಬಿರುಕು ಬಣ್ಣದ ಕೆಳಗೆ ಅಡಗಿರುತ್ತದೆ.

ಕಾರವಾರ_ಟೈರ್‌ಹುಡುಗ
ಕಡ್ಡಿ ಹತ್ತಿರ ಬೆಂಡ್ ಆಗಿದ್ದರೆ, ಬಿರುಕು ಇದ್ದರೆ ನಾವೂ ಬೇಡ ಎನ್ನುತ್ತೇವೆ ಸರ್. ಒಳ ಅಂಚಿನ ಸಣ್ಣ ಬೆಂಡ್ ಸರಿ ಮಾಡಿಸಿ ಎರಡು ಮೂರು ವರ್ಷ ಓಡಿಸಿದವರು ನಮ್ಮಲ್ಲಿ ಇದ್ದಾರೆ.

ಶಿರಸಿ_ಹಳೇಜಾಕ್
ಓಡಿರಬಹುದು. ನಾನು ಸೀಳಿದ್ದನ್ನೂ ನೋಡಿದ್ದೇನೆ. ದಿನಾ ಹೈವೇಯಲ್ಲಿ ಹೋಗುವವರಿಗೆ ನಾನು ಹೇಳುವುದಿಲ್ಲ.

ಯಲ್ಲಾಪುರ_ತೋಟ
ನಾನು ಹಳೇಜಾಕ್ ಅಣ್ಣನ ಕಡೆ. ಅದೇ ಮಾದರಿಯ ಹಳೆ ರಿಮ್ ಒಂದು ಹುಬ್ಬಳ್ಳಿಯಲ್ಲಿ ಹುಡುಕಿ. ತಗೊಳ್ಳುವ ಮೊದಲು ಮಷಿನ್ ಮೇಲೆ ತಿರುಗಿಸಿ ನೋಡಿ, ಇಲ್ಲದಿದ್ದರೆ ಇನ್ನೊಂದು ಬೆಂಡ್ ಮನೆಗೆ ಬರುತ್ತದೆ.

ಕುಮಟಾ_ಅಕ್ಕೋರು
ಹತ್ತು ದಿನ ಆಯಿತು, ವಿಷಯ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಅದೇ ಅಳತೆಯ ಹಳೆ ರಿಮ್ ಸಿಕ್ಕಿತು. ಖಾಲಿ ರಿಮ್ ತಿರುಗಿಸಿ ತೋರಿಸಿದರು, ಎರಡೂ ಅಂಚು ಸಮ. ನನ್ನ ಟೈರ್ ಅದಕ್ಕೆ ಹಾಕಿಸಿ ಬ್ಯಾಲೆನ್ಸ್ ಮಾಡಿಸಿದೆ. ಹೊರಗೆ 15, ಒಳಗೆ 20 ಗ್ರಾಂ. ಸಡಿಲ ಮಾಡಿ ಅರ್ಧ ಸುತ್ತು ತಿರುಗಿಸಿ ನೋಡಿ ಎಂದಾಗ ಹುಡುಗ ನನ್ನ ಮುಖ ನೋಡಿದ, ಆದರೆ ಮಾಡಿದ. 5 ತೋರಿಸಿತು. ಅದೇ ಚಕ್ರ ಮತ್ತೆ ಎಡ ಮುಂದಕ್ಕೇ ಹಾಕಿದ್ದೇನೆ. ಈಗ ವಾರವಾದರೂ ಗಾಳಿ ಇಳಿದಿಲ್ಲ.

ಒಬ್ಬಳೇ ಹೋಗುವಾಗ 95ರಲ್ಲೂ ಸ್ಟೇರಿಂಗ್ ಶಾಂತ. ಆದರೆ ಮನೆಯವರೆಲ್ಲ ಕೂತು ಡಿಕ್ಕಿ ತುಂಬಿದಾಗ 90ರ ಹತ್ತಿರ ಇನ್ನೂ ಸಣ್ಣಗೆ ನಡುಗುತ್ತದೆ. ಇದು ಯಾವುದು?

ಶಿರಸಿ_ಹಳೇಜಾಕ್
ಈಗ ಸಸ್ಪೆನ್ಶನ್ ನೋಡುವ ಹೊತ್ತು. ಮುಂದಿನ ಚಕ್ರ ಎತ್ತಿ, ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಲು ಹೇಳಿ. ಟಕ್ ಎಂದರೆ ಟೈ ರಾಡ್ ಕಡೆ. ಆಮೇಲೆ 12 ಮತ್ತು 6ರಲ್ಲಿ. ಅಲ್ಲಿ ಆಡಿದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಲೋವರ್ ಆರ್ಮ್‌ನ ಹಿಂದಿನ ಬುಷ್ ಕೈಯಲ್ಲಿ ಗೊತ್ತಾಗುವುದಿಲ್ಲ, ಗಾಡಿ ಮೇಲೆತ್ತಿ ಪ್ರೈ ಬಾರ್ ಹಾಕಿ ಮೀಟಿ ನೋಡಬೇಕು.

ಕುಮಟಾ_ಅಕ್ಕೋರು
ನೋಡಿಸಿದೆ. 9–3, 12–6 ಎರಡರಲ್ಲೂ ಆಟ ಇಲ್ಲ. ಎಡ ಲೋವರ್ ಆರ್ಮ್‌ನ ಹಿಂದಿನ ಬುಷ್‌ನ ರಬ್ಬರ್‌ನಲ್ಲಿ ಬಿರುಕು ಇದೆ, ಮೀಟಿದರೆ ಬಾಯಿ ತೆರೆಯುತ್ತದೆ. ಬಲದ್ದು ಚೆನ್ನಾಗಿದೆ.

ಶಿರಸಿ_ಹಳೇಜಾಕ್
ಹೊಂಡದ ಪೆಟ್ಟು ಅಲ್ಲಿಗೂ ತಲುಪಿದೆ. ಆ ಬುಷ್ ಅಥವಾ ಎಡದ ಆರ್ಮ್ ಒಂದೇ ಬದಲಿಸಿ. ಟೈ ರಾಡ್ ಬೇಡ. ಆರ್ಮ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಮಾತ್ರ ಮಾಡಿಸಲೇಬೇಕು.

ಬೈತಖೋಲ_ಬಂದರು
ನೋಡಿ, ಕೊನೆಗೂ ಅಲೈನ್‌ಮೆಂಟ್ ಬಂತು!

ಕಾಳಿ_ದಂಡೆ
ಎರಡೂ ಬದಿ ಒಟ್ಟಿಗೆ ಹಾಕಿಸಿ ಅಕ್ಕೋರೆ. ಅದೇ ವಯಸ್ಸಿನ ರಬ್ಬರ್, ಬಲದ್ದೂ ಆರು ತಿಂಗಳಲ್ಲಿ ಹೋಗುತ್ತದೆ. ಆಗ ಮತ್ತೆ ಬಿಚ್ಚುವ ಕೂಲಿ, ಮತ್ತೆ ಅಲೈನ್‌ಮೆಂಟ್.

ಶಿರಸಿ_ಹಳೇಜಾಕ್
ಬಲದ್ದು ಚೆನ್ನಾಗಿದೆ ಎಂದು ನೋಡಿ ಹೇಳಿದ್ದಾರಲ್ಲ. ಚೆನ್ನಾಗಿರುವುದನ್ನು ಯಾಕೆ ಬಿಚ್ಚುವುದು? ಆದರೆ ಕೂಲಿಯ ಲೆಕ್ಕ ನೀವು ಹೇಳಿದ್ದು ಸುಳ್ಳಲ್ಲ. ಅಕ್ಕೋರು ಕೇಳಿ ನಿರ್ಧರಿಸಲಿ.

ದೇವಿಮನೆ_ಘಟ್ಟ
ನಾನೂ ಡಿಸ್ಕ್ ಅಳೆಸಿದೆ. ಕನಿಷ್ಠಕ್ಕಿಂತ ಕೆಳಗಿದೆ, ಎರಡೂ ಬದಿ ಹೊಸದಕ್ಕೆ ಹೇಳಿದ್ದೇನೆ. ಹಳೇಜಾಕ್ ಅಣ್ಣನಿಗೆ ಧನ್ಯವಾದ.

ಕಾರವಾರ_ಟೈರ್‌ಹುಡುಗ
ಅಕ್ಕೋರೆ, ಚಕ್ರ ಇಷ್ಟು ಸಲ ಬಿಚ್ಚಿ ಹಾಕಿದ್ದೀರಿ. 50–100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿದಿರಾ? ಹಬ್ ತುಕ್ಕು ಉಜ್ಜಿದ ಮೇಲೆ ಸ್ವಲ್ಪ ಸಡಿಲ ಬರುತ್ತದೆ.

ಕುಮಟಾ_ಅಕ್ಕೋರು
ಇಲ್ಲ, ನೀವು ಹೇಳಿದ ಮೇಲೆ ಇವತ್ತು ಶಾಲೆ ಬಿಟ್ಟು ಬರುವಾಗ ಮಾಡಿಸಿದೆ. ಎಡ ಮುಂದಿನದರಲ್ಲಿ ಎರಡು ನಟ್ ಕಾಲು ಸುತ್ತು ತಿರುಗಿದವು. ಬುಷ್ ಗುರುವಾರ ಬರುತ್ತದೆ ಎಂದಿದ್ದಾರೆ. ಈ ಭಾನುವಾರ ಎಲ್ಲರನ್ನೂ ಕೂರಿಸಿಕೊಂಡು ಕಾರವಾರಕ್ಕೆ ಹೋಗಿ ನೋಡಿ ಬರೆಯುತ್ತೇನೆ.